ಪಾಸ್‌ವರ್ಡ್ ಬದಲಿಸುವ ಇಮೇಲ್ ಬರಲಿಲ್ಲವೇ? ಹೀಗೆ ಹುಡುಕಿ

'ಪಾಸ್‌ವರ್ಡ್ ಮರೆತಿರಾ?' ಎಂಬುದನ್ನು ಒತ್ತಿದ ಮೇಲೆ ಪರದೆಯ ಮೇಲೆ ಬರುವ ವಾಕ್ಯವನ್ನು ಪೂರ್ತಿ ಓದಿ. ಅನೇಕ ಜಾಲತಾಣಗಳು 'ಈ ವಿಳಾಸಕ್ಕೆ ಖಾತೆ ಇದ್ದರೆ ಇಮೇಲ್ ಕಳುಹಿಸಿದ್ದೇವೆ' ಎನ್ನುತ್ತವೆ. ಖಾತೆ ಇಲ್ಲದಿದ್ದರೂ ಇದೇ ಉತ್ತರ ಬರುತ್ತದೆ. ಯಾರ ಬಳಿ ಖಾತೆ ಇದೆ ಎಂಬುದು ಕಳ್ಳರಿಗೆ ತಿಳಿಯಬಾರದು ಎಂದು ಬೇಕೆಂದೇ ಹೀಗೆ ಮಾಡಿರುತ್ತಾರೆ. ಆದ್ದರಿಂದ ಪತ್ರ ಹೊರಟೇ ಇಲ್ಲದಿರಬಹುದು.

ಮತ್ತೆ ಮತ್ತೆ ಗುಂಡಿ ಒತ್ತಬೇಡಿ. ಸಾಮಾನ್ಯವಾಗಿ ಕೊನೆಯ ಕೋರಿಕೆಗೆ ಕಳುಹಿಸಿದ ಕೊಂಡಿ ಮಾತ್ರ ಕೆಲಸ ಮಾಡುತ್ತದೆ. ತಡವಾಗಿ ಬಂದ ಹಳೆಯದನ್ನು ತೆರೆದರೆ ಗೊಂದಲ ಹೆಚ್ಚುತ್ತದೆ. ಹತ್ತು ಹದಿನೈದು ನಿಮಿಷ ಕಾದು, ಬಳಿಕ ಸ್ಪ್ಯಾಮ್ ನೋಡಿ. ಜಿಮೇಲ್‌ನ ಸಾಮಾನ್ಯ ಹುಡುಕಾಟ ಸ್ಪ್ಯಾಮ್ ಮತ್ತು ಕಸದ ಬುಟ್ಟಿಯನ್ನು ಮುಟ್ಟುವುದಿಲ್ಲ. ಹುಡುಕುವ ಪಟ್ಟಿಯಲ್ಲಿ ಹೀಗೆ ಬರೆಯಿರಿ:

```
in:anywhere newer_than:1d
```

ಕಳೆದ ಒಂದು ದಿನದಲ್ಲಿ ಬಂದ ಪತ್ರಗಳೆಲ್ಲ, ಎಲ್ಲಿ ಅಡಗಿದ್ದರೂ, ಕಾಣಿಸಿಕೊಳ್ಳುತ್ತವೆ. ಸ್ಪ್ಯಾಮ್‌ನಲ್ಲಿ ಸಿಕ್ಕರೆ ಕಳುಹಿಸಿದವರ ವಿಳಾಸ ಆ ಜಾಲತಾಣದ್ದೇ ಎಂದು ಖಚಿತಪಡಿಸಿಕೊಂಡು, 'ಸ್ಪ್ಯಾಮ್ ಅಲ್ಲ' ಎಂದು ಗುರುತು ಮಾಡಿ.

ಅಲ್ಲಿಯೂ ಇಲ್ಲವೇ? ಹಾಗಾದರೆ ವಿಳಾಸವನ್ನೇ ಅನುಮಾನಿಸಬೇಕು. `gmial.com` ಎಂಬಂಥ ತಪ್ಪು ಕಣ್ಣಿಗೆ ಬೀಳುತ್ತದೆ, ಚುಕ್ಕಿಯ ತಪ್ಪು ಬೀಳುವುದಿಲ್ಲ. ನೀವು ಖಾತೆ ತೆರೆದಾಗ ಹೆಸರಿನ ನಡುವೆ ಚುಕ್ಕಿ ಇಟ್ಟಿರಲಿಲ್ಲ, ಈಗ ಇಟ್ಟಿದ್ದೀರಿ ಎಂದುಕೊಳ್ಳಿ. ವೈಯಕ್ತಿಕ ಜಿಮೇಲ್‌ಗೆ ಎರಡೂ ಒಂದೇ. ಯಾವ ವಿಳಾಸಕ್ಕೆ ಬಂದ ಪತ್ರವೂ ನಿಮ್ಮನ್ನೇ ತಲುಪುತ್ತದೆ. ಜಾಲತಾಣಕ್ಕೆ ಮಾತ್ರ ಅವು ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಿರಬಹುದು. ಪರಿಹಾರ ಸುಲಭ: ಅದೇ ಜಾಲತಾಣದಿಂದ ಹಿಂದೆ ಬಂದ ಯಾವುದಾದರೂ ಪತ್ರ ತೆರೆದು, ಅದು ಯಾವ ವಿಳಾಸಕ್ಕೆ ಬಂದಿದೆ ಎಂಬ ವಿವರ ನೋಡಿ, ಅದನ್ನು ಅಕ್ಷರ ಬಿಡದೆ ನಕಲು ಮಾಡಿ ಕೊಡಿ. ಹಳೆಯ ಪತ್ರ ಒಂದೂ ಸಿಗದಿದ್ದರೆ ಖಾತೆ ನಿಮ್ಮ ಬೇರೊಂದು ಇಮೇಲ್‌ನಲ್ಲಿರಬಹುದು, ಅಥವಾ ನೋಂದಣಿಯ ದಿನವೇ ವಿಳಾಸ ತಪ್ಪಾಗಿರಬಹುದು.

ಇನ್ನು ತಡೆ. ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು `Filters and Blocked Addresses` ವಿಭಾಗ ನೋಡಿ. ಜಾಹೀರಾತಿನ ಕಾಟಕ್ಕೆ ಎಂದೋ ತಡೆದ ವಿಳಾಸ ಅಲ್ಲಿದ್ದರೆ ತೆರವುಗೊಳಿಸಿ. ಪತ್ರವನ್ನು ನೇರವಾಗಿ ಅಳಿಸುವ ಫಿಲ್ಟರ್ ಇದ್ದರೆ ಅದನ್ನೂ ತೆಗೆಯಿರಿ. ಸಂಗ್ರಹ ಜಾಗ ತುಂಬಿದ್ದರೂ ಹೊಸ ಪತ್ರ ಬರುವುದಿಲ್ಲ.

ತಡೆ ಆ ಕಡೆಯೂ ಇರಬಹುದು. ನೀವು ಹಿಂದೆ ಅವರ ಪತ್ರವನ್ನು ಸ್ಪ್ಯಾಮ್ ಎಂದು ದೂರಿದ್ದರೆ, ಅಥವಾ ಒಮ್ಮೆ ಪತ್ರ ತಲುಪದೆ ಮರಳಿದ್ದರೆ, ಇಮೇಲ್ ಕಳುಹಿಸುವ ಅವರ ವ್ಯವಸ್ಥೆ ನಿಮ್ಮ ವಿಳಾಸವನ್ನು 'ಕಳುಹಿಸಬಾರದ' ಪಟ್ಟಿಗೆ ಸೇರಿಸಿರಬಹುದು. ಇದನ್ನು ನೀವು ಸರಿಪಡಿಸಲಾಗದು. ಅವರ ಸಹಾಯ ವಿಭಾಗಕ್ಕೆ ನಿಮ್ಮ ವಿಳಾಸ, ಕೋರಿಕೆ ಸಲ್ಲಿಸಿದ ದಿನ ಮತ್ತು ಸಮಯ ಬರೆದು, ಆ ಪಟ್ಟಿಯಲ್ಲಿ ಹೆಸರಿದ್ದರೆ ತೆಗೆಯುವಂತೆ ಕೇಳಿ. ಹಳೆಯ ಪಾಸ್‌ವರ್ಡ್ ಮಾತ್ರ ಬರೆಯಬೇಡಿ.