ಒಂದು ಮೆಸೇಜಿನಲ್ಲಿ 9 ಸಲ ‘ಸರ್’

ಬೆಂಗಳೂರಲ್ಲಿ ಸೈಟ್ ಎಂಜಿನಿಯರ್ ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು. ನಾಳೆ ಸ್ಲ್ಯಾಬ್ ಹಾಕಬೇಕು ಅನ್ನೋ ದಿನ ಬೆಳಿಗ್ಗೆ ಪ್ರಾಜೆಕ್ಟ್ ಮ್ಯಾನೇಜರ್‌ಗೆ ನಾನು ಕಳಿಸಿದ ವಾಟ್ಸಾಪ್ ಮೆಸೇಜ್ ಇದು:

‘ಗುಡ್ ಮಾರ್ನಿಂಗ್ ಸರ್. ಸರ್ ನಾಳೆ ಸ್ಲ್ಯಾಬ್ ಇದೆ ಸರ್. ಸರ್ ಸೆಂಟ್ರಿಂಗ್ ಮುಗಿದಿದೆ ಸರ್. 12 ಎಂಎಂ ಕಂಬಿ ಸ್ವಲ್ಪ ಕಮ್ಮಿ ಇದೆ ಸರ್. ಬಾಲ್ಕನಿ ಕಡೆ ಆಗಿಲ್ಲ ಸರ್. ಏನ್ ಮಾಡೋದು ಸರ್. ಪ್ಲೀಸ್ ಸರ್.’

ಅವರು ಯಾವುದೋ ಮೀಟಿಂಗಿನಲ್ಲಿದ್ದರು. ಮೊದಲ ಎರಡು ಸಾಲು ನೋಡಿ ಹೆಬ್ಬೆರಳು ಒತ್ತಿದರು. ನಾನೂ ಅದನ್ನೇ ಒಪ್ಪಿಗೆ ಅಂದುಕೊಂಡೆ. ಮಾರನೇ ದಿನ ರೆಡಿಮಿಕ್ಸ್ ಲಾರಿ ಬಂದು ನಿಂತ ಮೇಲೆ ಅವರೇ ಏಣಿ ಹತ್ತಿ ನೋಡಿದರು. ಬಾಲ್ಕನಿಗೆ ಮೇಲಿನ ಕಂಬಿಯೇ ಇರಲಿಲ್ಲ. ಹೊರಗೆ ಚಾಚಿಕೊಂಡಿರುವ ಬಾಲ್ಕನಿಯಲ್ಲಿ ಭಾರ ಹೊರೋದೇ ಮೇಲಿನ ಕಂಬಿ. ಅದಿಲ್ಲದೆ ಕಾಂಕ್ರೀಟ್ ಸುರಿದರೆ ಕೆಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನವೇ ಬೀಳಬಹುದು. ಎರಡು ಲಾರಿ ಮಾಲು ವಾಪಸ್ ಹೋಯಿತು.

ನಮ್ಮ ಮ್ಯಾನೇಜರ್ ಧಾರವಾಡದವರು. ಬೈಯಲಿಲ್ಲ. ನನ್ನ ಮೆಸೇಜನ್ನೇ ನನಗೆ ತೋರಿಸಿ, ‘ಅಲ್ರೀ, ಈ ಸರ್ ಎಲ್ಲಾ ತೆಗದು, ಏನ್ ಹೇಳಾಕತ್ತೀರಿ ಅದನ್ನ ಹೇಳ್ರಿ’ ಅಂದರು.

ಅವತ್ತು ರಾತ್ರಿ ನನ್ನ ಫೋನಿನಲ್ಲಿ ಉಳಿದಿದ್ದ ಒಂದು ಕಾಲ್ ರೆಕಾರ್ಡಿಂಗ್ ಕೇಳಿದೆ. ನಾಚಿಕೆಯಾಯಿತು. ಯೋಚನೆ ಮಾಡೋಕೆ ಸಮಯ ಬೇಕಾದಾಗ ‘ಸರ್’. ಅವರು ಮಾತಾಡುವಾಗ ಕೇಳಿಸಿಕೊಳ್ತಿದ್ದೀನಿ ಅನ್ನೋದಕ್ಕೆ ‘ಸರ್’. ಇನ್ನೊಂದು ಸಲ ಆರ್ಕಿಟೆಕ್ಟ್ ಮೇಡಂಗೇ ‘ಹೌದು ಸರ್’ ಅಂದು ನಾಲಿಗೆ ಕಚ್ಚಿಕೊಂಡಿದ್ದು ನೆನಪಾಯಿತು. ಎದುರಿಗಿರೋದು ಯಾರು ಅಂತಲೂ ನೋಡದೆ ಬಾಯಿಗೆ ಬರೋ ಪದದಲ್ಲಿ ಗೌರವ ಎಲ್ಲಿಂದ ಬರಬೇಕು?

ಮೊದಲು ಮಾಡಿದ್ದು ದಡ್ಡ ಕೆಲಸ. ಒಂದೇ ಏಟಿಗೆ ‘ಸರ್’, ‘ಮೇಡಂ’ ಎಲ್ಲಾ ನಿಲ್ಲಿಸಿದೆ. ‘ನಾಳೆ ಪ್ಲಂಬರ್ ಬರ್ತಾನಾ?’ ಅಂದರೆ ‘ಹೂಂ’. ‘ಡ್ರಾಯಿಂಗ್ ನೋಡಿದ್ಯಾ?’ ಅಂದರೆ ‘ಇಲ್ಲ’. ಮೂರನೇ ದಿನ ಮೇಡಂ ಕೇಳಿಯೇ ಬಿಟ್ಟರು, ‘ಏನಪ್ಪಾ, ನನ್ನ ಮೇಲೆ ಕೋಪನಾ?’

ಆಗ ಅರ್ಥವಾಯಿತು. ಕನ್ನಡದಲ್ಲಿ ಗೌರವ ಕೂತಿರೋದು ಕ್ರಿಯಾಪದದ ಕೊನೆಯಲ್ಲಿ. ‘ನೋಡಿದ್ರಾ’, ‘ಹೇಳಿದ್ರಲ್ಲ’, ‘ಬರ್ತೀರಾ’ ಅಂದರೆ ಅದರೊಳಗೇ ಮರ್ಯಾದೆ ಇದೆ. ‘ನಿನ್ನೆ ಹೇಳಿದ್ರಲ್ಲ ಸರ್’ ಅನ್ನೋದರಲ್ಲಿ ‘ಸರ್’ ತೆಗೆದರೆ ಏನೂ ಕಮ್ಮಿಯಾಗಲ್ಲ. ಆದರೆ ‘ಹೂಂ’, ‘ಇಲ್ಲ’, ‘ಸರಿ’ ಇವಕ್ಕೆ ಅಂಥ ಬಾಲವೇ ಇಲ್ಲ. ಗೆಳೆಯನಿಗೂ ಅದೇ, ಹಿರಿಯರಿಗೂ ಅದೇ. ಧಾರವಾಡದ ಕಡೆ ‘ಹೌದ್ರೀ’, ‘ಇಲ್ರೀ’ ಅಂತ ಒಂದು ಅಕ್ಷರದಲ್ಲೇ ಮುಗಿಸ್ತಾರೆ. ಹಾಸನದ ಕಡೆಯ ನನ್ನ ಬಾಯಲ್ಲಿ ಆ ‘ರೀ’ ಅಣಕಿಸಿದ ಹಾಗೆ ಕೇಳುತ್ತೆ. ನಮ್ಮ ಕಡೆಯವರು ಆ ಖಾಲಿ ಜಾಗಕ್ಕೇ ‘ಸರ್’ ತುಂಬೋದು.

ಹಾಗಾಗಿ ಒಂಟಿ ಪದದ ಉತ್ತರ ಬಿಟ್ಟೆ. ‘ಹೂಂ’ ಬದಲು ‘ಬರ್ತಾನೆ, ಹತ್ತು ಗಂಟೆಗೆ ಹೇಳಿದ್ದೀನಿ’. ‘ಇಲ್ಲ’ ಬದಲು ‘ಇನ್ನೂ ನೋಡಿಲ್ಲ, ಊಟದೊಳಗೆ ನೋಡಿ ಹೇಳ್ತೀನಿ’. ಪೂರ್ತಿ ವಾಕ್ಯ ಹೇಳಿದರೆ ‘ಸರ್’ ಇಲ್ಲದಿದ್ದರೂ ಒರಟು ಅನ್ನಿಸಲ್ಲ. ಮೇಲಾಗಿ ಅವರು ಎರಡನೇ ಪ್ರಶ್ನೆ ಕೇಳೋ ಕೆಲಸವೂ ತಪ್ಪುತ್ತೆ.

ಕಷ್ಟವಾಗಿದ್ದು ಏನಾದರೂ ಕೇಳಿಕೊಳ್ಳುವಾಗ. ‘ಬಿಲ್ಲಿಗೆ ಸಹಿ ಮಾಡಿ’ ಅನ್ನೋದರಲ್ಲಿ ‘-ಇ’ ಇದೆ, ವ್ಯಾಕರಣದ ಪ್ರಕಾರ ಗೌರವವೇ. ಆದರೂ ಕಿರಿಯನ ಬಾಯಲ್ಲಿ ಅದು ಅಪ್ಪಣೆ ಕೊಟ್ಟ ಹಾಗೆ ಕೇಳುತ್ತೆ. ಅದಕ್ಕೇ ನಾವು ಹಿಂದೆ ಮುಂದೆ ಎರಡು ‘ಸರ್’ ಅಂಟಿಸೋದು. ನಮ್ಮ ಮನೆಯಲ್ಲಿ ಅಜ್ಜಿ ಅಂಗಡಿಯವರ ಹತ್ತಿರ ಹೇಗೆ ಕೇಳ್ತಿದ್ದರು ಅಂತ ನೆನಪು ಮಾಡಿಕೊಂಡೆ. ‘ಒಂದು ಸೇರು ಅಕ್ಕಿ ಬೇಕಾಗಿತ್ತು.’ ಬೇಕಾಗಿರೋದು ಈಗ, ಮಾತು ಮಾತ್ರ ಭೂತಕಾಲದಲ್ಲಿ. ಆ ‘ಇತ್ತು’ ಸೇರಿದ ತಕ್ಷಣ ಒತ್ತಾಯ ಹೋಗಿಬಿಡುತ್ತೆ. ನಾನೂ ‘ಈ ಬಿಲ್ಲಿಗೆ ನಿಮ್ಮ ಸಹಿ ಬೇಕಾಗಿತ್ತು’ ಅನ್ನೋಕೆ ಶುರು ಮಾಡಿದೆ. ‘ಒಂದ್ಸಲ ನೋಡಿಕೊಡ್ತೀರಾ’ ಕೂಡ ನಡೆಯುತ್ತೆ. ‘ಕೊಡ್ತೀರಾ’ ಅಂದಾಗ ಅದು ನನಗೆ ಮಾಡೋ ಉಪಕಾರ ಅಂತ ಒಪ್ಪಿಕೊಂಡ ಹಾಗಾಯಿತು.

‘ನೀವು’ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ‘ಸರ್’ ಬಿಟ್ಟ ಹೊಸದರಲ್ಲಿ ಆ ಜಾಗಕ್ಕೆ ‘ನೀವು’ ಬಂದು ಕೂರುತ್ತೆ. ‘ನೀವು ಹೇಳಿದ್ರಿ, ನೀವೇ ಬೇಡ ಅಂದ್ರಿ’ ಅಂದರೆ ಜಗಳಕ್ಕೆ ನಿಂತ ಹಾಗೆ. ಕನ್ನಡದಲ್ಲಿ ಅದನ್ನೂ ಬಿಡಬಹುದು, ‘ಬೇಡ ಅಂದಿದ್ರಲ್ಲ’ ಸಾಕು. ‘ತಾವು’ ಪ್ರಯೋಗ ಮಾಡಿ ನೋಡಿದೆ, ಸೈಟಿನಲ್ಲಿ ನಾಟಕದ ಡೈಲಾಗ್ ಥರ ಇತ್ತು. ಮೇಸ್ತ್ರಿ ನಕ್ಕ.

ಬರೆಯೋದಕ್ಕೆ ದಾರಿ ತೋರಿಸಿದ್ದು ಶಾಲೆಯಲ್ಲಿ ಕಲಿತ ರಜಾ ಅರ್ಜಿ. ‘ಮಾನ್ಯರೇ’ ಅಂತ ಮೇಲೆ ಒಂದು ಸಲ, ಆಮೇಲೆ ನೇರ ವಿಷಯ, ಕೊನೆಗೆ ‘ವಂದನೆಗಳೊಂದಿಗೆ’. ಸಾಲಿಗೊಂದು ‘ಮಾನ್ಯರೇ’ ಯಾರೂ ಬರೆಯಲ್ಲ, ಹಾಗಂತ ಅದನ್ನು ಉದ್ಧಟತನ ಅಂತಲೂ ಯಾರೂ ಅನ್ನಲ್ಲ, ಅಲ್ವಾ? ಅದೇ ಲೆಕ್ಕದಲ್ಲಿ ಆ ಹಳೇ ಮೆಸೇಜನ್ನು ಮತ್ತೆ ಬರೆದು ನೋಡಿದೆ:

‘ಸರ್, ನಾಳೆಯ ಸ್ಲ್ಯಾಬ್ ಒಂದು ದಿನ ಮುಂದಕ್ಕೆ ಹಾಕಬೇಕಾಗುತ್ತೆ. ಬಾಲ್ಕನಿಗೆ ಮೇಲಿನ ಕಂಬಿ ಕಟ್ಟಿಲ್ಲ, 12 ಎಂಎಂ 40 ಕಂಬಿ ಸಾಲದಾಗಿದೆ. ಇವತ್ತು ಸಂಜೆ ಬರುತ್ತೆ. ರೆಡಿಮಿಕ್ಸ್ ನಾಡಿದ್ದಿಗೆ ಬದಲಾಯಿಸೋಕೆ ನಿಮ್ಮ ಒಪ್ಪಿಗೆ ಬೇಕಾಗಿತ್ತು.’

ಇದರಲ್ಲಿ ‘ಸರ್’ ಒಂದೇ. ‘ಮಾರ್ನಿಂಗ್’, ‘ಪ್ಲೀಸ್’ ಎರಡೂ ಇಲ್ಲ. ಬರೆಯುವಾಗ ಇನ್ನೊಂದು ಗೊತ್ತಾಯಿತು. ಹಳೇ ಮೆಸೇಜಿನಲ್ಲಿ ‘ಸ್ಲ್ಯಾಬ್ ಮುಂದಕ್ಕೆ ಹಾಕಬೇಕು’ ಅನ್ನೋ ಮಾತೇ ಇರಲಿಲ್ಲ. ಹೇಳೋಕೆ ಹೆದರಿ ‘ಏನ್ ಮಾಡೋದು ಸರ್’ ಅಂದಿದ್ದೆ. 9 ‘ಸರ್’ಗಳ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದು ಆ ಹೆದರಿಕೆಯನ್ನ.

ಎಲ್ಲರ ಹತ್ತಿರವೂ ಇದು ನಡೆಯಲ್ಲ. ನಮ್ಮ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಸರ್ಕಾರಿ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಅವರ ಹತ್ತಿರ ಈಗಲೂ ಜಾಸ್ತಿಯೇ ಬಳಸ್ತೀನಿ. ಅವರು ಮಾತು ನಿಲ್ಲಿಸಿ ಕಾಯ್ತಾರೆ, ಅದು ಬರದಿದ್ದರೆ ಹುಬ್ಬು ಏರುತ್ತೆ. ನನ್ನ ಅಭ್ಯಾಸಕ್ಕೋಸ್ಕರ ಅವರ ಮನಸ್ಸು ನೋಯಿಸೋದು ಯಾಕೆ ಸುಮ್ನೆ? ಹಾಗೇ ಕ್ಲೈಂಟ್ ಮುಂದೆ ಮ್ಯಾನೇಜರ್ ಇದ್ದಾಗ ಎರಡು ‘ಸರ್’ ಹೆಚ್ಚೇ ಬೀಳಲಿ ಅಂತ ಬಿಡ್ತೀನಿ. ಮೊದಲು ಮಾತಾಡಿಸುವಾಗ, ಹೊರಡುವಾಗ ಎಲ್ಲರಿಗೂ ಹೇಳ್ತೀನಿ.

ಮೊನ್ನೆ ಧಾರವಾಡದ ಸಾಹೇಬ್ರ ಜೊತೆ ಫೋನಿನಲ್ಲಿದ್ದೆ. ಅವರು ಕಾಲಂ ಕಾಂಕ್ರೀಟ್ ಇವತ್ತೇ ಮುಗಿಸಿ ಅಂತ ಹೇಳ್ತಾ ಇದ್ದರು. ಐದು ನಿಮಿಷದಿಂದ ನನ್ನ ಬಾಯಲ್ಲಿ ಆ ಪದ ಬಂದಿರಲಿಲ್ಲ. ‘ಸರ್, ಒಂದು ವಿಷಯ’ ಅಂದೆ. ಅವರು ಅಲ್ಲೇ ನಿಲ್ಲಿಸಿದರು. ‘ಏನ್ ತಪ್ಪಾಗೇತಿ, ಹೇಳ್ರಿ’ ಅಂದರು. ಒಂದು ಕಾಲಂ ಪೆಟ್ಟಿಗೆ ತೂಕುಗುಂಡಿಗೆ ಸರಿಯಾಗಿ ನಿಂತಿಲ್ಲ, ವಾಲಿದೆ ಅಂತ ಹೇಳಿದೆ.