ಉಯಿಲನ್ನು ಪ್ರಶ್ನಿಸುವಾಗ ರುಜುವಾತಿನ ಹೊರೆ ಯಾರ ಮೇಲೆ?

ಉಯಿಲಿನ ವ್ಯಾಜ್ಯ ಹಿಡಿದು ಬರುವ ಕಕ್ಷಿದಾರರು ಸಾಮಾನ್ಯವಾಗಿ ಮೊದಲು ಹೇಳುವುದು "ಹೆದರಿಸಿ ಬರೆಸಿಕೊಂಡಿದ್ದಾರೆ" ಎಂದೇ. ಜಿಲ್ಲಾ ನ್ಯಾಯಾಲಯದಲ್ಲಿ ಸಿವಿಲ್ ದಾವೆಗಳನ್ನು ನಡೆಸುವ ನಾನು ಆ ಮಾತನ್ನು ಹಾಗೆಯೇ ವಾದಪತ್ರಕ್ಕೆ ಇಳಿಸುವುದಿಲ್ಲ. ಅನುಚಿತ ಪ್ರಭಾವ, ವಂಚನೆ ಅಥವಾ ಬಲವಂತ ಎಂದು ಆರೋಪಿಸಿದವರು ಯಾರು, ಯಾವಾಗ, ಹೇಗೆ ಎಂಬ ವಿವರಗಳನ್ನು ಕೊಟ್ಟು ಅದನ್ನು ತಾವೇ ಸಾಬೀತುಪಡಿಸಬೇಕಾಗುತ್ತದೆ. ಉಯಿಲು ಕ್ರಮಬದ್ಧವಾಗಿ ಆಗಿದೆ, ಬರೆಸಿದವರ ಬುದ್ಧಿ ಸ್ವಸ್ಥವಾಗಿತ್ತು ಎಂಬುದನ್ನು ರುಜುವಾತುಪಡಿಸುವ ಹೊರೆಯಾದರೋ ಉಯಿಲನ್ನು ಮುಂದಿಡುವವರದು. ಸಂಶಯಾಸ್ಪದ ಸನ್ನಿವೇಶಗಳಿದ್ದರೆ ಅವನ್ನು ನಿವಾರಿಸಬೇಕಾದವರೂ ಅವರೇ ಎಂದು, ಮೈಸೂರು ರಾಜ್ಯದಿಂದ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರ ಹೊತ್ತಿಗೇ ಹೇಳಿದೆ. ಆದ್ದರಿಂದ ನನ್ನ ದಾವೆಗಳಲ್ಲಿ ಸಂಶಯ ಮುಂದಿರುತ್ತದೆ, ಒತ್ತಡದ ಆರೋಪ ಹಿಂದಿರುತ್ತದೆ.

ನಾನು ನಡೆಸಿದ ಒಂದು ಪ್ರಕರಣದಲ್ಲಿ ವಿಧವೆ ತಾಯಿಯೊಬ್ಬರು ತಮ್ಮ ಸ್ವಯಾರ್ಜಿತ ಮನೆಯನ್ನು ಜೊತೆಯಲ್ಲಿದ್ದ ಕಿರಿಯ ಮಗನೊಬ್ಬನಿಗೇ ಬರೆದಿದ್ದರು. ಹಿರಿಯ ಮಗನಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಅದರ ಸುಳಿವು ಸಿಕ್ಕಿದ್ದು, ತಾಯಿ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಬಿದ್ದಾಗ. ಹಿರಿಯ ಮಗಳು ನನ್ನ ಬಳಿ ಬಂದಾಗ ನಾನು ಮೊದಲು ಉಪನೋಂದಣಿ ಕಚೇರಿಯಿಂದ ಉಯಿಲಿನ ದೃಢೀಕೃತ ನಕಲು ತರಿಸಿದೆ; ಬರೆಸಿದವರು ಬದುಕಿರುವವರೆಗೆ ಅವರಿಗೆ ಮಾತ್ರ ದೊರೆಯುವ ಈ ನಕಲು, ಮರಣದ ನಂತರ ಅರ್ಜಿ ಹಾಕಿದವರಿಗೂ ದೊರೆಯುತ್ತದೆ. ಆಸ್ಪತ್ರೆಯ ದಾಖಲೆಗಳನ್ನು ನ್ಯಾಯಾಲಯದ ಮೂಲಕವೇ ತರಿಸಬೇಕಾಯಿತು. ಪಾರ್ಶ್ವವಾಯುವಿನಿಂದ ಮಾತು ತಡವರಿಸುತ್ತಿದ್ದು, ಸ್ಥಳ ಕಾಲಗಳ ಅರಿವು ಮಸುಕಾಗಿತ್ತು ಎಂದು ಬಿಡುಗಡೆಯ ಚೀಟಿಯಲ್ಲಿತ್ತು. ಅದಾದ ಕೆಲವೇ ವಾರಗಳಲ್ಲಿ ಸಬ್-ರಿಜಿಸ್ಟ್ರಾರ್ ಮನೆಗೆ ಬಂದು ಉಯಿಲನ್ನು ನೋಂದಾಯಿಸಿದ್ದರು.

ಇಷ್ಟರಿಂದಲೇ ಗೆದ್ದೆವೆಂದು ತಿಳಿಯುವಂತಿಲ್ಲ. ಕಾಯಿಲೆ ಅಥವಾ ಮುಪ್ಪು ಮಾತ್ರದಿಂದ ಉಯಿಲು ಬಿದ್ದುಹೋಗುವುದಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮಿನಂತೆ, ಉಯಿಲು ಬರೆಸಿದ ಹೊತ್ತಿನಲ್ಲಿ ಆ ವ್ಯಕ್ತಿಗೆ ತಾನು ಮಾಡುತ್ತಿರುವುದರ ಅರಿವಿತ್ತೇ ಎಂಬುದಷ್ಟೇ ಪ್ರಶ್ನೆ. ಸಹಿ ಹಾಕಲು ಬಲ್ಲ ಹೆಂಗಸು ಹೆಬ್ಬೆಟ್ಟು ಒತ್ತಿದ್ದೇಕೆ ಎಂಬ ನಮ್ಮ ಪ್ರಶ್ನೆಗೂ ಬಲಗೈ ಸ್ವಾಧೀನ ತಪ್ಪಿತ್ತು ಎಂಬ ಒಪ್ಪತಕ್ಕ ಉತ್ತರ ಬಂತು. ಉಳಿದ ಮಕ್ಕಳಿಗೆ ಪಾಲಿಲ್ಲವೆಂಬುದೂ ಅಷ್ಟೇನೂ ಗಟ್ಟಿಯಲ್ಲ, ಏಕೆಂದರೆ ಸಹಜ ಹಂಚಿಕೆಯನ್ನು ಬದಲಿಸಲೆಂದೇ ಜನ ಉಯಿಲು ಬರೆಸುತ್ತಾರೆ.

ನಮಗೆ ಒದಗಿ ಬಂದದ್ದು ಉಯಿಲಿನೊಳಗಿನ ಒಂದು ವಾಕ್ಯ. "ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಮದುವೆ ಮಾಡಿ ಒಡವೆ ಕೊಟ್ಟಿರುತ್ತೇನೆ" ಎಂದು ಅದರಲ್ಲಿ ಬರೆದಿತ್ತು, ಕಿರಿಯ ಮಗಳಿಗಾದರೋ ಮದುವೆಯೇ ಆಗಿರಲಿಲ್ಲ. ಹೆತ್ತ ತಾಯಿ ಹೇಳಿ ಬರೆಸಿದ ಮಾತು ಇದಾಗಿರಲು ಸಾಧ್ಯವೇ? ಉಯಿಲನ್ನು ಬರೆದವನೆಂದು ಬಿಕ್ಕಲಂ ಹಾಕಿದ ಪತ್ರಬರಹಗಾರ, ಒಕ್ಕಣೆಯನ್ನು ಕಿರಿಯ ಮಗನೇ ತಂದುಕೊಟ್ಟನೆಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡ. ಮಗನ ವ್ಯಾಪಾರದ ಪಾಲುದಾರನೂ ಆಗಿದ್ದ ಒಬ್ಬ ಸಾಕ್ಷಿ, ಉಯಿಲನ್ನು ಆಕೆಗೆ ಓದಿ ಹೇಳಿದ್ದನ್ನು ತಾನು ಕೇಳಲಿಲ್ಲವೆಂದ. ನೋಂದಣಿಯೊಂದರಿಂದಲೇ ಈ ಸಂಶಯಗಳು ಅಳಿಯುವುದಿಲ್ಲವೆಂದು ನ್ಯಾಯಾಲಯ ಹೇಳಿ, ಉಯಿಲು ಸಾಬೀತಾಗಿಲ್ಲವೆಂದು ನಾಲ್ವರಿಗೂ ಸಮಪಾಲು ಕೊಟ್ಟಿತು. ಒತ್ತಡ ಹೇರಿದರೇ ಎಂಬ ಪ್ರಶ್ನೆಗೆ ಉತ್ತರವೇ ಬೇಕಾಗಲಿಲ್ಲ.

ಕಾಲಮಿತಿಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಬರೆಸಿದವರು ಬದುಕಿರುವವರೆಗೆ ಉಯಿಲಿನಿಂದ ಯಾರ ಹಕ್ಕೂ ಕದಲುವುದಿಲ್ಲವಾದ್ದರಿಂದ ಉಯಿಲಿನ ತಾರೀಖಿನಿಂದ ದಿನ ಎಣಿಸುವುದು ತಪ್ಪು. ಸ್ವತ್ತಿನ ಹಕ್ಕಿನ ಮೇಲೆ ಸ್ವಾಧೀನ ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದಂತೆ 12 ವರ್ಷಗಳ ಅವಕಾಶವಿದೆ. ಬರಿಯ ಘೋಷಣೆ ಕೇಳುವುದಾದರೆ 58ನೇ ಅನುಚ್ಛೇದದಂತೆ, ದಾವೆ ಹೂಡುವ ಹಕ್ಕು ಮೊದಲು ಹುಟ್ಟಿದ ದಿನದಿಂದ 3 ವರ್ಷಗಳು ಮಾತ್ರ. ಹಾಗಾಗಿ ನಾನು ಪಾಲುವಿಭಾಗವನ್ನೇ ಮುಖ್ಯ ಪರಿಹಾರವಾಗಿ ಕೇಳುತ್ತೇನೆ, ಉಯಿಲು ಬಂಧಕವಲ್ಲವೆಂಬ ಘೋಷಣೆಯನ್ನು ಜೊತೆಗೆ ಸೇರಿಸುತ್ತೇನೆ. ಆದರೂ ಎದುರು ಪಕ್ಷ 3 ವರ್ಷಗಳ ತಕರಾರನ್ನು ಎತ್ತದೆ ಬಿಡುವುದಿಲ್ಲವಾದ್ದರಿಂದ, ವಿಷಯ ತಿಳಿದ 3 ವರ್ಷಗಳೊಳಗೇ ದಾವೆ ಹೂಡಬೇಕೆಂದು ಕಕ್ಷಿದಾರರಿಗೆ ಹೇಳುತ್ತೇನೆ. ಖಾತೆಗೆ ತಕರಾರು ಸಲ್ಲಿಸಿ ಸುಮ್ಮನಿರುವವರೇ ಹೆಚ್ಚು. ಆದರೆ ಖಾತೆಯ ನಮೂದಿನಿಂದ ಹಕ್ಕು ನಿರ್ಣಯವಾಗುವುದಿಲ್ಲ, ಆ ತಕರಾರಿನಿಂದ ಕಾಲಮಿತಿಯೂ ನಿಲ್ಲುವುದಿಲ್ಲ.

ಉಯಿಲು ಸಾಬೀತಾಗಿದೆಯೆಂದು ನ್ಯಾಯಾಲಯ ಕೊಡುವ ದೃಢೀಕರಣವಾದ ಪ್ರೊಬೇಟ್‌ಗೆ ಅರ್ಜಿ ಬಿದ್ದಿರುವ ಪ್ರಕರಣಗಳಲ್ಲಿ, ನಮ್ಮನ್ನು ಕೇಳದೆ ಆದೇಶ ಮಾಡಬಾರದೆಂಬ ಕೇವಿಯಟ್ ಅನ್ನು ಆದೇಶವಾಗುವ ಮೊದಲೇ ಸಲ್ಲಿಸಬೇಕು. ಪ್ರೊಬೇಟ್ ಆದ ನಂತರ ಅದರ ರದ್ದತಿ ಕೋರಲು ಕಾಲಮಿತಿ ಕಾಯ್ದೆಯ 137ನೇ ಅನುಚ್ಛೇದದ 3 ವರ್ಷಗಳ ಮಿತಿ ಅನ್ವಯಿಸುತ್ತದೆ. 1960ರಲ್ಲಿ ದೊರೆತ ಪ್ರೊಬೇಟನ್ನು 1996ರಲ್ಲಿ ಪ್ರಶ್ನಿಸಿದ ಲಿನೆಟ್ ಫರ್ನಾಂಡಿಸ್ ಪ್ರಕರಣದಲ್ಲಿ, ಆಗ ತಾನು ಅಪ್ರಾಪ್ತೆಯಾಗಿದ್ದೆನೆಂಬ ಕಾರಣವೂ ಆಕೆಯ ನೆರವಿಗೆ ಬರಲಿಲ್ಲ. ಪ್ರಾಪ್ತ ವಯಸ್ಸಿಗೆ ಬಂದ 3 ವರ್ಷಗಳೊಳಗೆ ಆಕೆ ಬರಬೇಕಿತ್ತು ಎಂದು ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು.