‘ಅಡ್ಮಿಟೆಡ್ ಫಾರ್ ಇವ್ಯಾಲ್ಯುಯೇಷನ್’ ಅನ್ನೋ ಸಾಲಿನ ಜೊತೆ ನನ್ನ ಜಗಳ

ಹಾಸನ ಕಡೆಯ ಐವತ್ತು ಬೆಡ್‌ನ ಆಸ್ಪತ್ರೆಯೊಂದರಲ್ಲಿ ಇನ್ಶೂರೆನ್ಸ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯಿತು. ಇದೇ ಕೆಲಸದಲ್ಲಿರುವವರಿಗೆ ಪ್ರೀ-ಆಥ್, ಕ್ವೆರಿ, ಟಿಪಿಎ ಅಂತೆಲ್ಲ ಬಿಡಿಸಿ ಹೇಳಬೇಕಿಲ್ಲ, ಅದಕ್ಕೆ ನೇರ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ Excl04, ಅಂದರೆ ಬರೀ ತಪಾಸಣೆಗೆ ಅಡ್ಮಿಟ್ ಆಗಿದ್ದು ಅಂತ, ತಿಂಗಳಿಗೆ ಆರೇಳು ಕ್ಲೇಮ್ ವಾಪಸ್ ಬರುತ್ತಿದ್ದವು. ಈಗ ಒಂದು, ಜಾಸ್ತಿ ಅಂದರೆ ಎರಡು. ಡಾಕ್ಟರ ನೋಟ್ಸ್ ಸರಿ ಮಾಡಿಸಿದರೆ ಇದು ಕಮ್ಮಿಯಾಗುತ್ತೆ ಅಂತ ಮೊದಲು ಹೇಳಿದಾಗ ನಮ್ಮ ಮ್ಯಾನೇಜರ್ ನಕ್ಕಿದ್ದರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಕೋಡ್ ಎಲ್ಲ ಕಂಪನಿಗಳ ಪಾಲಿಸಿಯಲ್ಲೂ ಒಂದೇ ಥರ ಇರುತ್ತೆ, ಯಾಕಂದ್ರೆ ಐಆರ್‌ಡಿಎಐ 2019ರಲ್ಲಿ ಎಕ್ಸ್‌ಕ್ಲೂಷನ್‌ಗಳ ಪದಗಳನ್ನೇ ಒಂದೇ ಮಾಡಿಬಿಟ್ಟಿತು. ಅದರಲ್ಲಿ ಎರಡು ಭಾಗ ಇದೆ. ಮುಖ್ಯವಾಗಿ ಟೆಸ್ಟಿಗೆ, ತಪಾಸಣೆಗೆ ಅಂತಲೇ ಅಡ್ಮಿಟ್ ಆಗಿದ್ದರೆ ಪೂರ್ತಿ ಕ್ಲೇಮ್ ಹೋಗುತ್ತೆ. ಅಡ್ಮಿಷನ್ ಸರಿ ಇದ್ದು, ಈಗಿನ ಕಾಯಿಲೆಗೆ ಸಂಬಂಧ ಇಲ್ಲದ ಟೆಸ್ಟ್ ಮಾಡಿಸಿದ್ದರೆ ಆ ಟೆಸ್ಟಿನ ದುಡ್ಡು ಮಾತ್ರ ಕಟ್ ಆಗುತ್ತೆ. ಡೆಂಗಿ ಪೇಷಂಟಿಗೆ ವಿಟಮಿನ್ ಡಿ ಬರೆದಿದ್ದರೆ ಅದು ಎರಡನೆಯದು. ನಮಗೆ ಹೊಡೆತ ಕೊಡುವುದು ಮೊದಲನೆಯದು. ಅಡ್ಮಿಷನ್ನೇ ಬಿದ್ದರೆ ಅದಕ್ಕೂ ಮುಂಚೆ ಮಾಡಿಸಿದ ಪ್ರೀ-ಹಾಸ್ಪಿಟಲೈಸೇಷನ್ ಬಿಲ್ಲುಗಳೂ ಅದರ ಜೊತೆಗೇ ಹೋಗುತ್ತವೆ.

ಕಂಪನಿಗಳ ಮೇಲೆ ಸುಮ್ನೆ ಬೈಯುವುದೂ ಸರಿಯಲ್ಲ. ಹೊರಗೆ ಎಂಆರ್‌ಐ ಮಾಡಿಸಿದರೆ ಕೈಯಿಂದ ಕೊಡಬೇಕು, ಒಂದು ರಾತ್ರಿ ಮಲಗಿದರೆ ಇನ್ಶೂರೆನ್ಸ್ ಕೊಡುತ್ತೆ ಅಂತ ಬರುವವರು ಎಷ್ಟು ಜನ ಅಂತ ನಮಗೇ ಗೊತ್ತು. ಸಲೈನ್ ಒಂದು, ಪ್ಯಾಂಟಾಪ್ರಜೋಲ್ ಇಂಜೆಕ್ಷನ್ ಒಂದು, ಇಪ್ಪತ್ತೈದು ಗಂಟೆಗೆ ಡಿಸ್ಚಾರ್ಜ್. ಇಪ್ಪತ್ನಾಲ್ಕು ಗಂಟೆ ದಾಟಿದರೆ ಸಾಕು ಅಂತ ಪೇಷಂಟುಗಳು ಇವತ್ತಿಗೂ ನಂಬಿದ್ದಾರೆ. ಕಂಪನಿಯ ಡಾಕ್ಟರ್ ಗಡಿಯಾರ ನೋಡಲ್ಲ, ಟ್ರೀಟ್‌ಮೆಂಟ್ ಚಾರ್ಟ್ ನೋಡುತ್ತಾರೆ. ಇದನ್ನೇ ಮನೆಯಲ್ಲಿ ಮಾತ್ರೆ ಕೊಟ್ಟು ಮಾಡಬಹುದಿತ್ತಾ ಅನ್ನುವುದೊಂದೇ ಅವರ ಪ್ರಶ್ನೆ.

ನನ್ನ ಕಣ್ಣು ತೆರೆಸಿದ್ದು ಒಂದು ಎದೆನೋವಿನ ಕೇಸ್. ಕಾಫಿ ಕ್ಯೂರಿಂಗ್‌ನಲ್ಲಿ ಸೂಪರ್‌ವೈಸರ್, 57 ವರ್ಷ, ಶುಗರ್ ಇದೆ, ಬಿಪಿ ಇದೆ, ಬೀಡಿ ಬಿಟ್ಟಿಲ್ಲ. ರಾತ್ರಿ ಎರಡರ ಹತ್ತಿರ ಎದೆ ಹಿಡಿದುಕೊಂಡು ಬಂದರು. ಐಸಿಯುನಲ್ಲಿ ಇಟ್ಟರು, ಆಮೇಲೆ ವಾರ್ಡು, ಒಟ್ಟು ನಲವತ್ತು ಗಂಟೆ. ಎರಡೂ ಸಲದ ಟ್ರೊಪೋನಿನ್ ನೆಗೆಟಿವ್, ಎಕೋ ಚೆನ್ನಾಗಿದೆ. ಗ್ಯಾಸ್ಟ್ರೈಟಿಸ್ ಅಂತ ಮನೆಗೆ ಕಳಿಸಿದರು. ಬಿಲ್ಲು 46 ಸಾವಿರ ಚಿಲ್ಲರೆ. ಕ್ಯಾಶ್‌ಲೆಸ್ ಆಗಲಿಲ್ಲ, ಅವರ ಮಗ ಚೀಟಿ ದುಡ್ಡು ಎತ್ತಿ ಕಟ್ಟಿದ. ರೀಇಂಬರ್ಸ್‌ಮೆಂಟ್ ಹಾಕಿದೆವು, ಅದೂ ರಿಜೆಕ್ಟ್. ಕಾರಣ ಒಂದೇ ಸಾಲು: ತಪಾಸಣೆಗಾಗಿ ದಾಖಲಾತಿ, ಎಲ್ಲ ವರದಿ ನಾರ್ಮಲ್.

ಡಿಸ್ಚಾರ್ಜ್ ಸಮರಿ ತೆಗೆದು ನೋಡಿದೆ. ನಮ್ಮದೇ ಆಸ್ಪತ್ರೆಯ ಕಾಗದ. ಅದರಲ್ಲಿ ಇದ್ದದ್ದು ಇಷ್ಟು: ‘ಅಡ್ಮಿಟೆಡ್ ಫಾರ್ ಇವ್ಯಾಲ್ಯುಯೇಷನ್ ಆಫ್ ಚೆಸ್ಟ್ ಪೇನ್. ವೈಟಲ್ಸ್ ಸ್ಟೇಬಲ್. ಮ್ಯಾನೇಜ್ಡ್ ಕನ್ಸರ್ವೇಟಿವ್ಲಿ.’ ಕಂಪನಿಯವರು ಬೇರೇನೂ ಮಾಡಿರಲಿಲ್ಲ, ನಮ್ಮ ಸಾಲನ್ನೇ ನಮಗೆ ವಾಪಸ್ ಓದಿದ್ದರು.

ಮೊದಲು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಎರಡು ಪುಟದ ಪತ್ರ ಬರೆದೆ. ಬಡ ಕುಟುಂಬ, ಹದಿನಾಲ್ಕು ವರ್ಷದಿಂದ ಪ್ರೀಮಿಯಂ ಕಟ್ಟಿದ್ದಾರೆ ಅಂತೆಲ್ಲ. ಅದನ್ನು ಯಾರಾದರೂ ಓದಿದರೋ ಇಲ್ಲವೋ. ಆಮೇಲೆ ಡಾಕ್ಟರ ಲೆಟರ್‌ಹೆಡ್‌ನಲ್ಲಿ ‘ಅಡ್ಮಿಷನ್ ಅಗತ್ಯವಿತ್ತು’ ಅಂತ ಬರೆಸಿ ಕಳಿಸಿದೆ. ರಿಜೆಕ್ಷನ್ ಆದ ಇಪ್ಪತ್ತು ದಿನದ ಮೇಲಿನ ತಾರೀಕು ಅದರಲ್ಲಿ. ನಂತರ ಯೋಚಿಸಿ ಬರೆದದ್ದು ಅಂತ ಪಕ್ಕಕ್ಕೆ ಇಟ್ಟರು. ಸರಿಯಾಗೇ ಇಟ್ಟರು ಅನ್ನಿ.

ಇದಕ್ಕೂ ಮುಂಚೆ ಇನ್ನೊಂದು ಕೇಸಿನಲ್ಲಿ ಇನ್ನೂ ದೊಡ್ಡ ತಪ್ಪಾಗಿತ್ತು. ಡ್ಯೂಟಿ ಡಾಕ್ಟರ್ ಒಬ್ಬರು ಸಮರಿಯನ್ನೇ ಬದಲಾಯಿಸಿ ಹೊಸ ಪ್ರಿಂಟ್ ಕೊಟ್ಟರು, ನಾನೂ ಕಳಿಸಿದೆ. ಹಳೆಯ ಪ್ರತಿ ಆಗಲೇ ಟಿಪಿಎ ಕೈಯಲ್ಲಿತ್ತು. ಇನ್ವೆಸ್ಟಿಗೇಟರ್ ಬಂದು ನಮ್ಮ ರೆಕಾರ್ಡ್ ರೂಮಲ್ಲಿ ಅರ್ಧ ದಿನ ಕೂತರು. ಆ ಕ್ಲೇಮಂತೂ ಹೋಯಿತು, ಆರು ತಿಂಗಳು ನಮ್ಮ ಪ್ರತಿ ಫೈಲಿಗೂ ಕ್ವೆರಿ ಬಂತು. ಆಗದೇ ಇದ್ದದ್ದನ್ನು ಬರೆಸಬೇಡಿ, ಬರೆದದ್ದನ್ನು ತಿದ್ದಿಸಬೇಡಿ.

ಎದೆನೋವಿನ ಕೇಸಿಗೆ ಬರೋಣ. ಒಂದು ಸಂಜೆ ಪೂರ್ತಿ ಕೇಸ್‌ಶೀಟ್ ತರಿಸಿ ಪುಟ ಪುಟ ತಿರುವಿದೆ. ಪೇಷಂಟ್ ಬರೆದು ಕೇಳಿದರೆ 72 ಗಂಟೆಯೊಳಗೆ ಆಸ್ಪತ್ರೆ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ಆ ಪ್ರಕಾರ ಅವರ ಮಗನಿಂದ ಅರ್ಜಿ ಬರೆಸಿಕೊಂಡಿದ್ದೆ. ನರ್ಸ್ ಚಾರ್ಟ್‌ನಲ್ಲಿ ನೀಲಿ ಪೆನ್ನಿನಲ್ಲಿ ಎಲ್ಲ ಇತ್ತು: 2.20ಕ್ಕೆ ಬಿಪಿ 170/100, ಮೈ ಬೆವರು, ನೋವು ಹತ್ತರಲ್ಲಿ ಏಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಲೋಡಿಂಗ್ ಡೋಸ್. ಎನಾಕ್ಸಪರಿನ್ 60 ಹೊಟ್ಟೆಗೆ. ನೈಟ್ರೊಗ್ಲಿಸರಿನ್ ಡ್ರಿಪ್, ಅದನ್ನು ಏರಿಸಿದ ಇಳಿಸಿದ ಟೈಮ್ ಸಮೇತ. ಇದು ಬರೀ ಟೆಸ್ಟಾ? ಮನೆಯಲ್ಲಿ ಯಾರು ಹಾಕುತ್ತಾರೆ ನೈಟ್ರೊಗ್ಲಿಸರಿನ್ ಡ್ರಿಪ್?

ಇನ್ನೂ ಒಳ್ಳೆಯದು ಕ್ಯಾಶುವಾಲ್ಟಿ ಹಾಳೆಯಲ್ಲಿತ್ತು. ಆ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗಿ ಮೂಲೆಯಲ್ಲಿ ಹಾರ್ಟ್ ಸ್ಕೋರ್ 5 ಅಂತ ಬರೆದು ಬಿಡಿಸಿಟ್ಟಿದ್ದಳು. ನೋವಿನ ಕತೆಗೆ 1, ಇಸಿಜಿಯಲ್ಲಿ ಸಣ್ಣ ಬದಲಾವಣೆಗೆ 1, ವಯಸ್ಸಿಗೆ 1, ಶುಗರ್-ಬಿಪಿ-ಬೀಡಿ ಮೂರೂ ಸೇರಿ 2, ಟ್ರೊಪೋನಿನ್‌ಗೆ ಸೊನ್ನೆ. ಮೂರರವರೆಗೆ ಬಂದರೆ ಸಾಮಾನ್ಯವಾಗಿ ಮನೆಗೆ ಕಳಿಸಬಹುದು, ನಾಲ್ಕರಿಂದ ಆರಿದ್ದರೆ ಇಟ್ಟುಕೊಂಡು ನೋಡಬೇಕು. ಮೊದಲ ಟ್ರೊಪೋನಿನ್ ನೆಗೆಟಿವ್ ಅಂತ ಕಳಿಸುವ ಹಾಗಿಲ್ಲ, ಕೆಲವು ಗಂಟೆ ಬಿಟ್ಟು ಇನ್ನೊಂದು ಮಾಡಬೇಕು. ಆ ಹಾಳೆಯನ್ನು ನಾವು ಕಂಪನಿಗೆ ಕಳಿಸಿಯೇ ಇರಲಿಲ್ಲ. ಕ್ಯಾಶುವಾಲ್ಟಿ ಪೇಪರ್ ಬೇರೆ ಫೈಲಿಗೆ ಹೋಗುವುದು ನಮ್ಮಲ್ಲಿ ಪದ್ಧತಿ.

ಈ ಸಲ ಪತ್ರ ಒಂದೇ ಪುಟ. ಕಂಪನಿಯ ದೂರು ವಿಭಾಗಕ್ಕೆ, ಪೇಷಂಟ್ ಹೆಸರಲ್ಲಿ. ರಿಪೋರ್ಟ್ ನಾರ್ಮಲ್ ಅಂತ ಗೊತ್ತಾಗಿದ್ದು ಮಾರನೇ ದಿನ, ಅಡ್ಮಿಟ್ ಮಾಡಿದ್ದು ರಾತ್ರಿ ಎರಡೂವರೆಗೆ, ಆ ಹೊತ್ತಿನಲ್ಲಿ ಡಾಕ್ಟರ್ ಕೈಲಿದ್ದದ್ದು ಇದು ಅಂತ ಟೈಮ್ ಹಾಕಿ ಬರೆದೆ. ‘ವೈದ್ಯಕೀಯವಾಗಿ ಅಗತ್ಯ’ ಅನ್ನುವುದಕ್ಕೆ ಪಾಲಿಸಿಯಲ್ಲಿರುವ ಅರ್ಥವಿವರಣೆಯನ್ನು ಪಕ್ಕದಲ್ಲಿಟ್ಟೆ. ಅದರಲ್ಲಿ ಚಿಕಿತ್ಸೆಯ ಜೊತೆಗೆ ‘ಟೆಸ್ಟ್’ ಅನ್ನುವ ಪದವೂ ಇದೆ, ಕಾಯಿಲೆ ನೋಡಿಕೊಳ್ಳಲು ಬೇಕಾದ ಟೆಸ್ಟ್ ಅಂತ. ನಮ್ಮವರು ಬಹಳ ಜನ ಇದನ್ನು ಗಮನಿಸಿಲ್ಲ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಲೇಮ್ ರಿಜೆಕ್ಟ್ ಮಾಡಲು ಕಂಪನಿಯೊಳಗಿನ ಕಮಿಟಿಯ ಒಪ್ಪಿಗೆ ಬೇಕು, ಟಿಪಿಎ ತಾನೇ ಮಾಡುವ ಹಾಗಿಲ್ಲ. ಕಮಿಟಿ ಈ ಹಾಳೆ ನೋಡಿತ್ತಾ ಅಂತ ಒಂದು ಸಾಲು ಕೇಳಿದೆ. ಲಗತ್ತು ನಾಲ್ಕೇ ಹಾಳೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ನನಗೆ ಒಂದು ವರ್ಷ ಹಿಡಿದಿದೆ.

ಒಪ್ಪದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ಒಂಬುಡ್ಸ್‌ಮನ್ ಹತ್ತಿರ ಹೋಗೋಣ ಅಂತ ಅರ್ಜಿಯನ್ನೂ ಸಿದ್ಧ ಮಾಡಿಟ್ಟಿದ್ದೆ. ಫೀಸ್ ಇಲ್ಲ, ವಕೀಲರೂ ಬೇಡ, ಕಂಪನಿ ತಳ್ಳಿಹಾಕಿದ ಮೇಲೆ ಒಂದು ವರ್ಷದೊಳಗೆ ಹಾಕಬೇಕು, ಅಥವಾ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಹಾಕಬಹುದು. ಅದು ಬೇಕಾಗಲಿಲ್ಲ. ಹನ್ನೆರಡೋ ಹದಿಮೂರೋ ದಿನಕ್ಕೆ 41 ಸಾವಿರದ ಹತ್ತಿರ ಅಕೌಂಟಿಗೆ ಬಂತು. ಉಳಿದದ್ದು ಗ್ಲೌಸ್, ಫೈಲ್ ಚಾರ್ಜ್ ಅಂತ ಕಟ್. ಮಗ ಒಂದು ಕೆಜಿ ಕಾಫಿ ಪುಡಿ ತಂದುಕೊಟ್ಟ. ಮ್ಯಾನೇಜರ್‌ಗೂ ಒಂದು ಲೋಟ ಕುಡಿಸಿದೆ.

ಆಮೇಲೆ ಡಾಕ್ಟರುಗಳ ಹಿಂದೆ ಬಿದ್ದೆ. ಹಿರಿಯ ಫಿಸಿಷಿಯನ್ ‘ನಾನು ನಿಮ್ಮ ಕಂಪನಿಗೆ ಗುಮಾಸ್ತ ಅಲ್ಲಪ್ಪ’ ಅಂದುಬಿಟ್ಟರು. ಅವರಿಗೆ ಎರಡು ಸಮರಿ ಪಕ್ಕ ಪಕ್ಕ ಇಟ್ಟೆ, ಒಂದು ಪಾಸಾದದ್ದು, ಒಂದು ಬಿದ್ದದ್ದು, ಎರಡೂ ಅವರದೇ ಸಹಿ. ಏನೂ ಮಾತಾಡಲಿಲ್ಲ, ಮಾರನೇ ದಿನದಿಂದ ಬರೆಯೋಕೆ ಶುರು ಮಾಡಿದರು. ನಾನು ಕೇಳುವುದು ಜಾಸ್ತಿ ಏನಿಲ್ಲ. ಅಡ್ಮಿಟ್ ಮಾಡುವ ಹೊತ್ತಿಗೇ, ಟೈಮ್ ಹಾಕಿ, ಏನು ಕಂಡಿತು, ಯಾವ ಅಪಾಯದ ಭಯ, ಮನೆಗೆ ಯಾಕೆ ಕಳಿಸಲಾಗದು, ಈಗಿಂದಲೇ ಏನು ಕೊಡುತ್ತಿದ್ದೇವೆ. ‘ಇವ್ಯಾಲ್ಯುಯೇಷನ್’ ಅನ್ನುವ ಪದವನ್ನೇ ಕಾರಣ ಅಂತ ಬರೆಯಬಾರದು, ಅದು ಕಾರಣವೇ ಅಲ್ಲ ಅಲ್ವಾ. ‘ವೈಟಲ್ಸ್ ಸ್ಟೇಬಲ್’ ಅಂತ ಬರೆಯುವುದಾದರೆ ಯಾವ ಹೊತ್ತಿನದು ಅಂತ ಇರಬೇಕು. ಬಂದಾಗಲಾ, ಹೋಗುವಾಗಲಾ?

ಇದನ್ನು ಸುಲಭ ಮಾಡೋಣ ಅಂತ ಒಂದು ರಬ್ಬರ್ ಸ್ಟಾಂಪ್ ಮಾಡಿಸಿದ್ದೆ, ನಾಲ್ಕು ಕಾರಣ, ಟಿಕ್ ಹಾಕಿದರೆ ಮುಗಿಯಿತು. 350 ರೂಪಾಯಿ. ಎರಡೇ ವಾರದಲ್ಲಿ ಎಲ್ಲ ಪೇಷಂಟಿಗೂ ಮೂರನೇ ಟಿಕ್ ಬೀಳೋಕೆ ಶುರುವಾಯಿತು, ಜ್ವರಕ್ಕೂ ಅದೇ, ಕಾಲು ಉಳುಕಿದ್ದಕ್ಕೂ ಅದೇ. ಟಿಪಿಎ ಹುಡುಗ ಫೋನ್ ಮಾಡಿ ‘ಏನ್ ಸಾರ್, ನಿಮ್ಮೂರಲ್ಲಿ ಎಲ್ಲರಿಗೂ ಒಂದೇ ರೋಗನಾ’ ಅಂದ. ಸ್ಟಾಂಪ್ ಈಗ ನನ್ನ ಡ್ರಾಯರ್‌ನಲ್ಲಿದೆ. ಕೈಬರಹವೇ ಸರಿ, ಎರಡು ಸಾಲಾದರೂ ಆ ಪೇಷಂಟಿನದೇ ಆಗಿರಬೇಕು.

ಎಲ್ಲ ಗೆಲ್ಲುತ್ತೇನೆ ಅಂತ ಅಲ್ಲ. ಬೆನ್ನುನೋವಿಗೆ ಎರಡು ದಿನ ಮಲಗಿಸಿ, ಎಂಆರ್‌ಐ ಮಾಡಿ, ನೋವಿನ ಮಾತ್ರೆ ಕೊಟ್ಟು ಕಳಿಸಿದ ಫೈಲ್ ಬಂದರೆ ನಾನು ಮುಟ್ಟುವುದೇ ಇಲ್ಲ. ನಡೆಯೋಕಾಗುತ್ತಿರಲಿಲ್ಲ, ಮೂತ್ರ ನಿಂತಿತ್ತು, ಕಾಲಿನ ಬಲ ಹೋಗಿತ್ತು ಅಂತ ನಿಜವಾಗಿ ಇದ್ದು ಅದನ್ನು ಆಗಲೇ ಬರೆದಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಅಡ್ಮಿಟ್ ಆಗುವ ಮುಂಚೆಯೇ ಮನೆಯವರನ್ನು ಕೂರಿಸಿಕೊಂಡು, ಇದು ಬರಲ್ಲ, ಓಪಿಡಿಯಲ್ಲೇ ಮಾಡಿಸಿ, ರೂಮ್ ಬಾಡಿಗೆಯಾದರೂ ಉಳಿಯುತ್ತೆ ಅಂತ ಹೇಳಿಬಿಡುತ್ತೇನೆ. ಮ್ಯಾನೇಜರ್‌ಗೆ ಈ ಒಂದು ವಿಷಯಕ್ಕೆ ಇನ್ನೂ ನನ್ನ ಮೇಲೆ ಸಿಟ್ಟಿದೆ.